ಅಕ್ಕ ಎಂಬ ಸಡಿಲ ಕೊಂಡಿ

ಏನು ಕೆಲಸ ಮಾಡುತ್ತೀಯ ಎಂದು ನೆಂಟರು ಕೇಳಿದರೆ "ಮಧುಗಿರೀಲಿ ಆಫೀಸು" ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ. ಬಿಡಿಸಿ ಹೇಳಲು ಹೋದರೆ ಹೇಳುವವಳಿಗೂ ದಣಿವು, ಕೇಳುವವರಿಗೂ ದಣಿವು. ಬೇರೆಯವರು ಮಾಡಿದ ಪಿಪಿಟಿಗಳನ್ನು ಓದುವುದು ನನ್ನ ಕೆಲಸ. ಇವರು ಯಾವ ಮಾತನ್ನು ಮೊದಲೇ ಒಪ್ಪಿಕೊಂಡು ಹೊರಟಿದ್ದಾರೆ, ಅದಕ್ಕೆ ಏನು ಪುರಾವೆ ತೋರಿಸಿದ್ದಾರೆ, ಕೊನೆಗೆ ಏನು ಮಾಡೋಣ ಅನ್ನುತ್ತಿದ್ದಾರೆ, ಈ ಮೂರನ್ನು ಒಂದು ಹಾಳೆಯಲ್ಲಿ ಮೂರು ಕಡೆ ಬರೆಯುತ್ತೇನೆ. ಆಮೇಲೆ ಒಂದರಿಂದ ಇನ್ನೊಂದಕ್ಕೆ ಗೆರೆ ಎಳೆಯುತ್ತೇನೆ. ಗೆರೆ ಎಲ್ಲಿ ನಿಲ್ಲುವುದಿಲ್ಲವೋ ಅಲ್ಲಿ ಕೆಂಪು ಪೆನ್ಸಿಲ್ಲಿನಲ್ಲಿ ಸುತ್ತು ಹಾಕುತ್ತೇನೆ. ಅದನ್ನು ನಾವು ಸಡಿಲ ಕೊಂಡಿ ಅನ್ನುತ್ತೇವೆ.

ನಮ್ಮದು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಕೂಸಿನ ಕೇಂದ್ರಗಳನ್ನು ನಡೆಸುವ ಸಣ್ಣ ಸಂಸ್ಥೆ. ಅಂಗನವಾಡಿಗೆ ಸೇರುವಷ್ಟು ಬೆಳೆಯದ ಎಳೆ ಮಕ್ಕಳನ್ನು, ತಾಯಂದಿರು ಹೊಲಕ್ಕೋ ಕೂಲಿಗೋ ಹೋದಾಗ, ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ನೋಡಿಕೊಳ್ಳುವ ಜಾಗ. ಮಧುಗಿರಿಯ ಆಫೀಸಿನಲ್ಲಿ ನನ್ನನ್ನು ಎಲ್ಲರೂ ಅಕ್ಕ ಅನ್ನುತ್ತಾರೆ. ನನ್ನ ಹಿಂದೆ "ಜರಡಿ ಅಕ್ಕ" ಅನ್ನುತ್ತಾರೆಂದೂ ಗೊತ್ತು. ಕಡಲೆಕಾಯಿ ಜರಡಿ ಹಿಡಿದವರಿಗೆ ಗೊತ್ತಿರುತ್ತದೆ, ಜರಡಿಗೆ ಕಾಯಿಯ ಮೇಲೆ ಸಿಟ್ಟಿರುವುದಿಲ್ಲ. ಆದರೂ ಪಿಪಿಟಿ ಮಾಡಿದವರ ಮುಖ ನನ್ನನ್ನು ಕಂಡರೆ ಸಣ್ಣದಾಗುತ್ತದೆ. ವರ್ಷಗಟ್ಟಲೆ ಇದನ್ನು ನೋಡಿ ನೋಡಿ ಸಾಕಾಗಿಹೋಗಿದೆ.

ಹೆಡ್ ಆಫೀಸಿನವರು ಪಿಪಿಟಿಗೆ ಡೆಕ್ ಅನ್ನುತ್ತಾರೆ. "ಅಕ್ಕಾ, ಡೆಕ್ ಕಳಿಸಿದ್ದೀನಿ" ಎಂದು ಮೊದಲ ಸಲ ಫೋನು ಬಂದಾಗ ನಾನು ಬಾಗಿಲ ಕಡೆ ನೋಡಿದ್ದೆ. ನಮ್ಮ ಕಡೆ ಡೆಕ್ ಅಂದರೆ ಮದುವೆ ಮನೆಯಲ್ಲಿ ಹಾಡು ಹಾಕುತ್ತಿದ್ದ ಟೇಪ್ ರೆಕಾರ್ಡರು. ಈಗ ಅಭ್ಯಾಸವಾಗಿದೆ. ಹಾಡು ಮಾತ್ರ ಬೇರೆ ಬೇರೆ, ತಾಳ ಎಲ್ಲದರದ್ದೂ ಒಂದೇ.

ಒಂದು ವರ್ಷ ಏಪ್ರಿಲ್ಲಿನ ಮೊದಲ ವಾರ ಬಂದ ಡೆಕ್ಕನ್ನು ಮಾಡಿದವಳು ಹೆಡ್ ಆಫೀಸಿಗೆ ಹೊಸದಾಗಿ ಸೇರಿದ ಹೆಣ್ಣುಮಗಳು. ಓದಿಕೊಂಡವಳು, ಮಾತು ಮೆತ್ತಗೆ, ಕೆಲಸ ಅಚ್ಚುಕಟ್ಟು. ಡೆಕ್ಕಿನ ಕೊನೆಯ ಸ್ಲೈಡು ಹೇಳಿದ್ದಿಷ್ಟು: ಐ.ಡಿ.ಹಳ್ಳಿ ಕಡೆಯ ಒಂದು ಹಟ್ಟಿಯಲ್ಲಿರುವ ನಮ್ಮ ಕೂಸಿನ ಕೇಂದ್ರವನ್ನು ಮುಚ್ಚಿ, ಅಲ್ಲಿನ ಆಯಾಗಳನ್ನು ಕೊಡಿಗೇನಹಳ್ಳಿಗೆ ಹಾಕಬೇಕು. ಹಟ್ಟಿ ಅಂದರೆ ಊರಿನಿಂದ ಆಚೆಗೆ ಕುರಿ ಸಾಕುವವರು ಕಟ್ಟಿಕೊಂಡಿರುವ ಮನೆಗಳ ಗುಂಪು. ಆ ವಾರದ ಕೊನೆಗೆ ಶಿರಾದಲ್ಲಿ ವಿಮರ್ಶೆ ಸಭೆ. ಅಷ್ಟರೊಳಗೆ ನನ್ನ ಹಾಳೆ ಸಿದ್ಧವಾಗಬೇಕು.

ಫ್ಯಾನು ತಿರುಗಿದರೂ ಗಾಳಿ ಬಾರದ ಮಧ್ಯಾಹ್ನ. ನಾನು ಎಂದಿನಂತೆ ಕೊನೆಯಿಂದ ಶುರು ಮಾಡಿದೆ. ಡೆಕ್ಕನ್ನು ಮೊದಲಿನಿಂದ ಓದಿದರೆ ಅದು ನಮ್ಮನ್ನು ಕೈಹಿಡಿದು ನಡೆಸಿಕೊಂಡು ಹೋಗುತ್ತದೆ, ಎಲ್ಲಿ ಹಳ್ಳ ದಾಟಿದೆವು ಎನ್ನುವುದೇ ತಿಳಿಯುವುದಿಲ್ಲ. ತೀರ್ಮಾನವನ್ನು ಮೊದಲು ಬರೆದುಕೊಂಡು, ಇದು ನಿಲ್ಲಬೇಕಾದರೆ ಏನೇನು ನಿಜವಾಗಿರಬೇಕು ಎಂದು ಹಿಂದಕ್ಕೆ ನಡೆಯಬೇಕು.

ತೀರ್ಮಾನ, ಹಟ್ಟಿಯ ಕೇಂದ್ರ ಮುಚ್ಚುವುದು. ಅದಕ್ಕೆ ಡೆಕ್ಕು ಒಪ್ಪಿಕೊಂಡ ಮೊದಲ ಮಾತು, ಮನೆಯಲ್ಲಿ ಮಗುವನ್ನು ನೋಡಿಕೊಳ್ಳಲು ದೊಡ್ಡವರು ಇಲ್ಲದ ಕಡೆಯೇ ಕೇಂದ್ರ ಬೇಕು. ಇದಕ್ಕೆ ಪುರಾವೆ ಬೇಕಿರಲಿಲ್ಲ, ಸಂಸ್ಥೆಯಲ್ಲಿ ಎಲ್ಲರೂ ಒಪ್ಪುವ ಮಾತು. ಎರಡನೆಯದು, ಈ ಹಟ್ಟಿಯ ಹೆಚ್ಚಿನ ಮನೆಗಳಲ್ಲಿ ಅಂಥ ದೊಡ್ಡವರು ಇದ್ದಾರೆ. ಪುರಾವೆ, ಮನೆಮನೆ ಸಮೀಕ್ಷೆ. ಹಸಿರು ಬಣ್ಣದ ದುಂಡನೆಯ ಚಿತ್ರ, ಮುಕ್ಕಾಲುಪಾಲು ಹಸಿರು, ಅದರ ಮೇಲೆ "ವಯಸ್ಕ ಸಂಬಂಧಿ ಲಭ್ಯ". ಮೂರನೆಯದು, ಮಕ್ಕಳು ಬರುವುದೂ ಕಡಿಮೆಯಾಗುತ್ತಿದೆ. ಪುರಾವೆ, ಜನವರಿಯಿಂದ ಇಳಿಯುತ್ತಾ ಬಂದ ಹಾಜರಿಯ ಗೆರೆ. ನಾಲ್ಕನೆಯದು, ಕೊಡಿಗೇನಹಳ್ಳಿಯಲ್ಲಿ ಬೇಡಿಕೆ ಇದೆ. ಪುರಾವೆ, ಅಲ್ಲಿನ ತಾಯಂದಿರ ಅರ್ಜಿಗಳು.

ನಿಜ ಹೇಳಬೇಕೆಂದರೆ ನನಗೆ ಡೆಕ್ಕು ಸರಿಯೆನ್ನಿಸಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂಥ ಡೆಕ್ಕುಗಳನ್ನು ಎಷ್ಟೋ ನೋಡಿದ್ದೇನೆ. ತೀರ್ಮಾನ ಮೊದಲೇ ಆಗಿರುತ್ತದೆ, ಪುರಾವೆಯನ್ನು ಆಮೇಲೆ ಹುಡುಕಿ ತಂದಿರುತ್ತಾರೆ. ಇದು ಹಾಗಿರಲಿಲ್ಲ. ಕೊಡಿಗೇನಹಳ್ಳಿಯ ಅರ್ಜಿಗಳು ನಿಜ, ಅಲ್ಲಿಗೆ ನಾನೇ ಹೋಗಿ ನೋಡಿದ್ದೆ. ಇರುವ ಆಯಾಗಳು ಇಷ್ಟೇ, ಒಂದು ಕಡೆ ಕೊಡಬೇಕಾದರೆ ಇನ್ನೊಂದು ಕಡೆಯಿಂದ ತೆಗೆಯಲೇಬೇಕು. ಮೇಲೊಂದು ಸಹಿ ಹಾಕಿ, ಮನೆಗೆ ಹೋಗಿ, ಕಾಲು ಚಾಚಿ ಮಲಗಬೇಕೆಂದು ನನ್ನ ಮೈ ಕೇಳುತ್ತಿತ್ತು.

ಹಾಜರಿಯ ಗೆರೆಗೆ ಒಂದು ಕೆಂಪು ಸುತ್ತು ಬಿತ್ತು. ಬೇಸಿಗೆ ಮುಂಚೆ ಕುರಿಮಂದೆಗಳು ಮೇವಿಗೆ ನೀರಾವರಿ ಸೀಮೆಯ ಕಡೆ ಹೊರಡುತ್ತವೆ, ಕೆಲವು ಮನೆಗಳಲ್ಲಿ ಹೆಂಡತಿ ಮಕ್ಕಳೂ ಮಂದೆಯ ಹಿಂದೆ ಹೋಗುತ್ತಾರೆ, ಮಳೆ ಬಿದ್ದ ಮೇಲೆ ವಾಪಸು. ಆ ತಿಂಗಳುಗಳನ್ನಷ್ಟೇ ತೋರಿಸಿ ಬೇಡಿಕೆ ಇಳಿಯಿತು ಎನ್ನಲಾಗದು. ವರ್ಷಪೂರ್ತಿಯ ಗೆರೆ ಬೇಕು ಎಂದು ಪಕ್ಕದಲ್ಲಿ ಬರೆದೆ. ಆದರೆ ಇದು ಸಣ್ಣ ಸಡಿಲು. ಈ ಕೊಂಡಿ ಬಿಟ್ಟುಹೋದರೂ ಎರಡನೆಯ ಮಾತು ಗಟ್ಟಿಯಿದ್ದರೆ ತೀರ್ಮಾನ ಬೀಳುವುದಿಲ್ಲ. ಎಲ್ಲ ಭಾರವೂ ಆ ಹಸಿರು ಚಿತ್ರದ ಮೇಲೆಯೇ ಇತ್ತು.

ಅದಕ್ಕೇ ಆ ಹೆಣ್ಣುಮಗಳಿಗೆ ಫೋನು ಮಾಡಿ, ಚಿತ್ರಕ್ಕೆ ಮುಂಚಿನ ಸಮೀಕ್ಷೆಯ ಹಾಳೆ, ಅಂದರೆ ಜನ ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡದ್ದು, ಇದ್ದರೆ ಕಳಿಸಮ್ಮ ಎಂದೆ. ಅವಳು ತಕ್ಷಣ ಕಳಿಸಿದಳು. ಬಚ್ಚಿಡುವ ಜಾತಿಯವಳಲ್ಲ.

ಪ್ರಶ್ನೆ ಹೀಗಿತ್ತು: ಕೇಂದ್ರ ಇಲ್ಲದಿದ್ದರೆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ? ಉತ್ತರಗಳು ಕೆಳಗೆ ಕೆಳಗೆ. ಅಜ್ಜಿ. ಅಕ್ಕ. ಯಾರೂ ಇಲ್ಲ. ಅಕ್ಕ. ಜೊತೇಲೇ ಕರ್ಕೊಂಡೋಗ್ತೀನಿ. ಅಕ್ಕ. ಅತ್ತೆ. ಅಕ್ಕ. ಅಕ್ಕ. ಪಕ್ಕದ ಕಾಲಮ್ಮಿನಲ್ಲಿ ಹೆಡ್ ಆಫೀಸಿನವರು ಪ್ರತಿ ಉತ್ತರವನ್ನೂ ಒಂದೊಂದು ಗುಂಪಿಗೆ ಸೇರಿಸಿದ್ದರು. ಅಜ್ಜಿ, ಅತ್ತೆ, ಅಕ್ಕ, ಎಲ್ಲವೂ "ವಯಸ್ಕ ಸಂಬಂಧಿ".

ನಾನು ಪೆನ್ಸಿಲ್ಲು ಕೆಳಗಿಟ್ಟೆ. ನನ್ನ ಎಡಸೊಂಟ ಬಲಸೊಂಟಕ್ಕಿಂತ ಸ್ವಲ್ಪ ಮೇಲಿದೆ, ಸೀರೆ ಉಟ್ಟಾಗ ನೆರಿಗೆ ಒಂದು ಕಡೆ ಎತ್ತುತ್ತದೆ. ನನ್ನ ಹಿಂದೆ ಹುಟ್ಟಿದ ತಮ್ಮನನ್ನು ನಾನು ಎತ್ತಿಕೊಂಡು ಬೆಳೆದದ್ದು ಆ ಸೊಂಟದ ಮೇಲೆ. ಆಗ ಯಾರು ಕೇಳಿದರೂ ನಮ್ಮಮ್ಮ "ಮಗೀನ ಅವ್ನ ಅಕ್ಕ ನೋಡ್ಕಂತಾಳೆ" ಅನ್ನುತ್ತಿದ್ದಳು. ನನಗಾಗ ಇನ್ನೂ ಹಾಲುಹಲ್ಲು.

ಮತ್ತೆ ಫೋನು ಮಾಡಿದೆ.

"ಈ ಅಕ್ಕ ಅಂತ ಬಂದಿರೋರನ್ನೆಲ್ಲ ವಯಸ್ಕ ಅಂತ ಹಾಕಿದ್ದೀಯಲ್ಲಮ್ಮ, ವಯಸ್ಸು ಕೇಳಿದ್ರಾ?"

"ಇಲ್ಲ ಅಕ್ಕ. ಫಾರಮ್ಮಲ್ಲಿ ವಯಸ್ಸಿನ ಕಾಲಂ ಇರ್ಲಿಲ್ಲ. ಅಕ್ಕ ಅಂದ್ರೆ ದೊಡ್ಡವರೇ ಅಲ್ವಾ?"

"ಯಾರಿಗಿಂತ ದೊಡ್ಡವರು?"

ಉತ್ತರಕ್ಕೆ ಕಾಯದೆ ನಾನೇ ಹೇಳಿದೆ, "ನಿಮ್ಮವರು ತಾಯಿ ಹತ್ರ ಕೇಳಿದ್ದು. ಅವಳು ಅಕ್ಕ ಅಂದ್ರೆ ಅವಳ ಅಕ್ಕ ಅಂತ ನೀವು ತಿಳ್ಕೊಂಡ್ರಿ. ನಮ್ಮ ಕಡೆ ತಾಯಿ ತನ್ನ ದೊಡ್ಡ ಮಗಳನ್ನೇ ಮಗೂಗೆ ಅಕ್ಕ ಅಂತ ಹೇಳ್ತಾಳೆ. ಮಗೀನ ಅಕ್ಕ. ಅದು ಎಂಟು ವರ್ಷದ್ದೂ ಇರಬಹುದು."

"ಇರಬಹುದು ಅಂದ್ರೆ, ನಿಮಗೂ ಖಾತ್ರಿ ಇಲ್ಲ ಅಲ್ವಾ ಅಕ್ಕ?" ಅವಳು ಎದುರಾಡಿದ್ದಲ್ಲ, ನಿಜವಾಗಿಯೂ ಕೇಳಿದ್ದು. ನನಗೆ ಆ ಪ್ರಶ್ನೆ ಇಷ್ಟವಾಯಿತು, ಇಷ್ಟವಾದಷ್ಟೇ ಸುಸ್ತೂ ಆಯಿತು. ಖಾತ್ರಿ ಇಲ್ಲ ಎಂದರೆ ಹೋಗಿ ನೋಡಬೇಕು. ಅನುಮಾನವೂ ಒಂದು ಒಪ್ಪಿಕೊಂಡ ಮಾತೇ, ಅದಕ್ಕೂ ಪುರಾವೆ ಬೇಕು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರನ್ನು ದಿನಾ ಬೈಯುವ ನಾನೇ ಅದನ್ನು ಮಾಡಬಹುದೇ?

ಮಾರನೆಯ ದಿನ ಬಸ್ಸು ಹತ್ತಿ ಐ.ಡಿ.ಹಳ್ಳಿಯಲ್ಲಿ ಇಳಿದು, ಹಟ್ಟಿಯ ಕಡೆ ಹೋಗುವ ಆಟೋಗೆ ಕಾದು, ಆಟೋ ಬಾರದೆ ನಡೆದೆ. ಬಿಸಿಲು ನೆತ್ತಿ ಸುಡುತ್ತಿತ್ತು. ಕೇಂದ್ರದಲ್ಲಿ ಮಕ್ಕಳು ಉಂಡು ಮಲಗಿದ್ದವು, ಕೆಲವೇ ಕೂಸುಗಳು. ಆಯಾ ಬಾಗಿಲಲ್ಲಿ ಕೂತು ಬೀಸಣಿಗೆ ಬೀಸುತ್ತಿದ್ದಳು. ನನ್ನನ್ನು ಕಂಡು ಎದ್ದವಳು ಮೊದಲು ಕೇಳಿದ್ದೇ "ಮುಚ್ತಾರಂತಲ್ಲ, ನಿಜ್ವಾ ಅಕ್ಕ?" ಎಂದು. ಇನ್ನೂ ಯಾರೂ ಏನೂ ಹೇಳಿಲ್ಲ ಎಂದೆ. ಅವಳು ನಂಬಲಿಲ್ಲ.

ಅಲ್ಲಿಂದ ಮನೆಮನೆಗೆ ಹೋದೆ. ಹಾಳೆಯಲ್ಲಿ ಅಕ್ಕ ಎಂದು ಬರೆದಿದ್ದ ಮನೆಗಳು. ಮೊದಲನೆಯ ಮನೆಯಲ್ಲೇ ನನ್ನ ಅನುಮಾನ ಸುಳ್ಳಾಯಿತು. ಅಲ್ಲಿ ಅಕ್ಕ ಅಂದರೆ ಗಂಡ ತೀರಿಕೊಂಡು ತಂಗಿಯ ಮನೆಯಲ್ಲೇ ಇದ್ದ ನಡುವಯಸ್ಸಿನ ಹೆಂಗಸು, ಮಗುವನ್ನು ಎದೆಗವಚಿಕೊಂಡು ಕೂತಿದ್ದಳು. ಹೆಡ್ ಆಫೀಸಿನವರ ಲೆಕ್ಕ ಅಲ್ಲಿಗೆ ಸರಿ. ಎರಡನೆಯ ಮನೆಗೆ ಬೀಗ, ಮಂದೆಯ ಜೊತೆ ಹೋಗಿದ್ದರು. ಮೂರನೆಯ ಮನೆಯ ಹೆಂಗಸು ಜಗಲಿಯ ಮೇಲೆ ಕೂತು ಒಂದು ಕುರಿಮರಿಯ ಕಾಲಿಗೆ ಬಟ್ಟೆ ಸುತ್ತುತ್ತಿದ್ದಳು. ಗಂಡ ದೊಡ್ಡ ಮಂದೆ ಹೊಡೆದುಕೊಂಡು ಹೋಗಿದ್ದ. ಈದ ಕುರಿಗಳನ್ನೂ ಮರಿಗಳನ್ನೂ ಇವಳು ಬೆಳಿಗ್ಗೆಯಿಂದ ಗುಡ್ಡದ ತಪ್ಪಲಲ್ಲಿ ಮೇಯಿಸಿಕೊಂಡು ಆಗಷ್ಟೇ ನೆರಳಿಗೆ ತಂದಿದ್ದಳು.

"ಕೇಂದ್ರ ಇಲ್ಲ ಅಂದ್ರೆ ಮಗೀನ ಯಾರಮ್ಮ ನೋಡ್ಕಳೋದು?" ನಾನು ಅದೇ ಪ್ರಶ್ನೆ ಕೇಳಿದೆ.

"ಅಕ್ಕ ಅವ್ಳಲ್ಲ," ಅಂದಳು, ಮುಖ ಎತ್ತದೆ.

"ಯಾರಕ್ಕ? ನಿಮ್ಮಕ್ಕನಾ?"

"ನಮ್ಮಕ್ಕ ಅಗಳೀಲಿ ಗಂಡನ್ ಮನೇಲವ್ಳೆ, ಅವ್ಳ್ಯಾಕೆ ಬತ್ತಾಳೆ? ಮಗೀನಕ್ಕ ಕಣಮ್ಮ. ನನ್ ದೊಡ್ ಮಗ್ಳು. ಇಸ್ಕೂಲ್ಗೋಗವ್ಳೆ, ಈಗ ಬತ್ತಾಳೆ ತಡೀರಿ."

ಬಂದಳು. ಸೊಟ್ಟ ಬೈತಲೆ, ಬಿಚ್ಚಿಕೊಂಡ ಒಂದು ಜಡೆ, ಬೆನ್ನಿಗೆ ಚೀಲ. ಒಂಬತ್ತು ವರ್ಷವಂತೆ, ನಾಲ್ಕನೇ ಕ್ಲಾಸು ಮುಗಿಯುತ್ತಿತ್ತಂತೆ. ಚೀಲ ಇಟ್ಟವಳೇ ಕೇಂದ್ರಕ್ಕೆ ಓಡಿಹೋಗಿ ತಂಗಿಯನ್ನು ಎತ್ತಿಕೊಂಡು ಬಂದಳು. ಎಡಸೊಂಟದ ಮೇಲೆ. ಕೂಸು ಅವಳ ಅರ್ಧ ಇತ್ತು.

"ಮುಚ್ಚುದ್ರೆ ಇವ್ಳೇ," ಅಂದಳು ತಾಯಿ. "ಇನ್ನೇನ್ ಮಾಡನ? ಎಳೇ ಮಗೀನ ಬಿಸ್ಲಲ್ಲಿ ಕುರಿ ಹಿಂದೆ ಒತ್ಕಂಡು ತಿರುಗುಕಾಯ್ತದಾ? ಇಸ್ಕೂಲ್ ಬುಡ್ಸದೆಯ."

ಹುಡುಗಿ ನನ್ನನ್ನು ನೋಡಿದಳು. ಅಳಲಿಲ್ಲ. ಅವಳಿಗೆ ಇದು ಹೊಸ ಮಾತಲ್ಲ ಎಂದು ಕಂಡಿತು.

"ನಿಮ್ಗೆ ಮುಚ್ತಾರೆ ಅಂತ ಯಾರಮ್ಮ ಹೇಳಿದ್ದು?" ಎಂದೆ.

"ಯಾರ್ ಯೋಳ್ಬೇಕು? ನಿಮ್ಮೋರೇ ಬಂದು ಕೇಳುದ್ರಲ್ಲ, ಕೇಂದ್ರ ಇಲ್ದಿದ್ರೆ ಯಾರ್ ನೋಡ್ಕಂತಾರೆ ಅಂತ. ಇರೋದ ಇಲ್ದಿದ್ರೆ ಅಂತ ಯಾರಾನ ಸುಮ್ಕೆ ಕೇಳ್ತಾರಾ? ಅವತ್ತೇ ತಿಳೀತು."

ಬಸ್ಸಿನಲ್ಲಿ ವಾಪಸು ಬರುವಾಗ ಹಾಳೆ ಮಡಿಲಲ್ಲಿತ್ತು. ಆಮೇಲೆ ಹೋದ ಕೆಲವು ಮನೆಗಳಲ್ಲೂ ಅಕ್ಕ ಅಂದರೆ ಹುಡುಗಿಯರೇ. ಆದರೆ ಎಲ್ಲ ಮನೆಗಳಲ್ಲೂ ಅಲ್ಲ, ಎಲ್ಲ ಮನೆಗಳೂ ನನಗೆ ಸಿಕ್ಕಿರಲೂ ಇಲ್ಲ. ಹಸಿರು ಚಿತ್ರದಿಂದ ತೀರ್ಮಾನಕ್ಕೆ ಎಳೆದ ಗೆರೆಯ ಮೇಲೆ ಕೆಂಪು ಸುತ್ತು ಹಾಕಿ, "ಅಕ್ಕ ಎಂದರೆ ಮಗುವಿನ ಅಕ್ಕ, ವಯಸ್ಸು ಕೇಳಿಲ್ಲ, ನೋಡಿದ ಕೆಲವು ಮನೆಗಳಲ್ಲಿ ಶಾಲೆಯ ಹುಡುಗಿಯರು" ಎಂದು ಬರೆದೆ. ಕೆಳಗೆ ಇನ್ನೊಂದು ಸಾಲು ಸೇರಿಸಿದೆ. ಡೆಕ್ಕು ಬಾಯಿಬಿಟ್ಟು ಹೇಳದೆ ಒಪ್ಪಿಕೊಂಡ ಮಾತೊಂದಿತ್ತು: ನೋಡಿಕೊಳ್ಳುವವರು ಸಿಕ್ಕರೆ ಸಾಕು, ಅವರು ಅದಕ್ಕಾಗಿ ಏನು ಬಿಟ್ಟುಕೊಡುತ್ತಾರೆ ಎಂದು ಕೇಳಬೇಕಾಗಿಲ್ಲ. ಹೇಳಿದ ಮಾತಿನ ಸಡಿಲು ಕಣ್ಣಿಗೆ ಬೀಳುತ್ತದೆ. ಹೇಳದ ಮಾತನ್ನು ಹುಡುಕಬೇಕು, ಆಯಾಸ ಅಲ್ಲಿರುವುದು.

ಶಿರಾದ ಸಭೆಯಲ್ಲಿ ಸಂಸ್ಥೆಯ ನಿರ್ದೇಶಕರು ನನ್ನ ಹಾಳೆಯನ್ನು ಎರಡು ಸಲ ಓದಿದರು. ಕೆಟ್ಟವರಲ್ಲ, ಅವರಿಗೂ ನಾಲ್ಕು ತಾಲ್ಲೂಕಿನ ಹೊರೆ. ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡು ಕೇಳಿದರು, "ಹಾಗಾದ್ರೆ ಅಲ್ಲಿ ಕೇಂದ್ರ ಬೇಕು ಅಂತ ಸಾಬೀತಾಯ್ತು ಅನ್ನಿ."

ಹೌದು ಅಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆ ಹುಡುಗಿಯ ಮುಖ ಕಣ್ಣ ಮುಂದೆಯೇ ಇತ್ತು. ಆದರೆ ಇಷ್ಟು ವರ್ಷ ಬೇರೆಯವರ ಗೆರೆಗಳಿಗೆ ಸುತ್ತು ಹಾಕಿದವಳು ನಾನು. ಕೊಂಡಿ ಸಡಿಲ ಎಂದರೆ ತೀರ್ಮಾನ ಸುಳ್ಳು ಎಂದಲ್ಲ, ಅದು ನಿಂತಿಲ್ಲ ಎಂದಷ್ಟೇ.

"ಇಲ್ಲ ಸರ್," ಎಂದೆ. "ಮುಚ್ಚಬಹುದು ಅನ್ನೋದು ಸಾಬೀತಾಗಿಲ್ಲ. ಬೇಕು ಅನ್ನೋದೂ ಇನ್ನೂ ಆಗಿಲ್ಲ. ನಾನು ನೋಡಿದ್ದು ಕೆಲವೇ ಮನೆ."

"ಇದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಾಯ್ತಲ್ಲಮ್ಮ."

"ಗೊತ್ತಿಲ್ಲದಿದ್ದನ್ನ ಗೊತ್ತಿಲ್ಲ ಅಂತ ಹೇಳ್ತಿದೀನಿ ಸರ್. ಆದ್ರೆ ಒಂದು ಮಾತು. ಕೇಂದ್ರ ಇಟ್ಕೊಂಡು ಆಮೇಲೆ ಬೇಡ ಅಂತ ತಿಳಿದ್ರೆ, ಕೊಡಿಗೇನಹಳ್ಳಿಯವರು ಕೆಲವು ತಿಂಗಳು ಹೆಚ್ಚು ಕಾಯ್ತಾರೆ. ಅವರಿಗೂ ಅದು ಕಷ್ಟವೇ. ಮುಚ್ಚಿ ಆಮೇಲೆ ಬೇಕಿತ್ತು ಅಂತ ತಿಳಿದ್ರೆ, ಶಾಲೆ ಬಿಟ್ಟ ಮಕ್ಕಳನ್ನ ವಾಪಸ್ ಕರ್ಕೊಂಡು ಬರೋದು ನಮ್ಮ ಕೈಲಾಗಲ್ಲ. ತಪ್ಪೋದೇ ಆದ್ರೆ ಯಾವ ಕಡೆ ತಪ್ಪಬೇಕು ಅಂತ ನೀವು ಹೇಳಿ."

ಶಿರಾ ತಾಲ್ಲೂಕಿನ ಕೆಲಸ ನೋಡಿಕೊಳ್ಳುವ ಸಾಹೇಬರು, ನಮ್ಮಲ್ಲೆಲ್ಲ ಹಿರಿಯರು, ಚಹಾ ಲೋಟ ಕೆಳಗಿಟ್ಟು "ಸಹೀ ಬಾತ್ ಹೈ, ಸರಿಯಾದ ಮಾತು" ಎಂದರು. "ನಮ್ಮ ಮನೇಲಿ ಅಕ್ಕನಿಗೆ ಆಪಾ ಅಂತೀವಿ, ಅಲ್ಲೂ ಅಷ್ಟೇ, ಆರು ವರ್ಷದ್ದೂ ಆಪಾನೇ, ಅರವತ್ತು ವರ್ಷದ್ದೂ ಆಪಾನೇ." ಎಲ್ಲರೂ ನಕ್ಕರು. ನಗದೇ ಇದ್ದವಳು ಡೆಕ್ಕು ಮಾಡಿದ ಹೆಣ್ಣುಮಗಳೊಬ್ಬಳೇ. ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡು "ಆ ಸ್ಲೈಡು ನಾನೇ ತೆಗೀತೀನಿ ಸರ್, ವಯಸ್ಸು ಸೇರಿಸಿ ಮತ್ತೆ ಕೇಳ್ತೀವಿ" ಎಂದಳು. ಕೊನೆಗೆ ಬರೆದುಕೊಂಡದ್ದು, ಮಳೆ ಬಿದ್ದು ಮಂದೆಗಳು ವಾಪಸು ಬಂದ ಮೇಲೆ ಹೊಸದಾಗಿ ಸಮೀಕ್ಷೆ, ಅಲ್ಲಿಯವರೆಗೆ ಕೇಂದ್ರ ಸದ್ಯಕ್ಕೆ ಇರುವುದು.

ಸದ್ಯಕ್ಕೆ ಎನ್ನುವ ಮಾತನ್ನು ಆಗ ನಾನು ಗಮನಿಸಲಿಲ್ಲ. ಗೆದ್ದೆವೋ ಸೋತೆವೋ ತಿಳಿಯದೆ, ಬಸ್‌ಸ್ಟ್ಯಾಂಡಿನಲ್ಲಿ ಅವಳೂ ನಾನೂ ಒಂದೊಂದು ಎಳನೀರು ಕುಡಿದೆವು. "ಅಕ್ಕಾ, ನಿಮಗೆ ಇದ್ರಿಂದ ಬೇಜಾರು ಬರಲ್ವಾ?" ಎಂದು ಕೇಳಿದಳು. ಬರುತ್ತೆ ಎಂದೆ.

ಜೂನ್ ಬಂತು. ಒಂದೆರಡು ಮಳೆ ಬಿದ್ದು, ಮಂದೆಗಳು ವಾಪಸು ಬಂದು, ಹೊಲಗಳಲ್ಲಿ ಕಡಲೆಕಾಯಿ ಬಿತ್ತುವ ಗಡಿಬಿಡಿ ಶುರುವಾಗಿತ್ತು. ಶಾಲೆಗಳೂ ತೆರೆದಿದ್ದವು. ಹೊಸ ಫಾರಂ ಹಿಡಿದುಕೊಂಡು ನಾವಿಬ್ಬರೂ ಹಟ್ಟಿಗೆ ಹೋದೆವು. ಈ ಸಲ "ಕೇಂದ್ರ ಇಲ್ಲದಿದ್ದರೆ" ಎಂಬ ಮಾತು ಇರಲಿಲ್ಲ. ನಿನ್ನೆ ಮಗು ಎಲ್ಲಿತ್ತು, ಯಾರ ಹತ್ತಿರ ಇತ್ತು, ಅವರು ಮಗುವಿಗೆ ಏನಾಗಬೇಕು, ವಯಸ್ಸೆಷ್ಟು, ಇಷ್ಟೇ ಇತ್ತು. ಆದದ್ದನ್ನು ಕೇಳಿದರೆ ಆದದ್ದು ಬರುತ್ತದೆ ಎಂದು ಅವಳೇ ಯೋಚಿಸಿ ಬದಲಾಯಿಸಿದ್ದಳು. ನನಗೆ ಅದರಲ್ಲಿ ಸುತ್ತು ಹಾಕಲು ಏನೂ ಸಿಗಲಿಲ್ಲ.

ಅವಳು ಆ ಕಡೆಯ ಸಾಲಿಗೆ ಹೋದಳು, ನಾನು ಈ ಕಡೆ. ಜಗಲಿಯ ಮನೆಯ ಮುಂದೆ ನಿಂತೆ. ಶಾಲೆಯ ಹೊತ್ತು. ಹುಡುಗಿ ಬಾಗಿಲಲ್ಲಿ ನಿಂತಿದ್ದಳು, ಎಡಸೊಂಟದ ಮೇಲೆ ಕೂಸು.

"ಮನೇಲಿ ಯಾರವ್ರಮ್ಮ?" ಎಂದೆ.

"ಯಾರೂ ಇಲ್ಲ. ನಾನೇ ಇವ್ನಿ."

"ಶಾಲೆ ತೆಗೆದಿಲ್ವಾ?"

ಹುಡುಗಿ ಕೂಸನ್ನು ಸ್ವಲ್ಪ ಮೇಲಕ್ಕೆ ಎತ್ತಿ ಸರಿಮಾಡಿಕೊಂಡಳು. ಅಷ್ಟರಲ್ಲಿ ತಾಯಿ ಹಿತ್ತಲಿನಿಂದ ಬಂದಳು, ಕೈಯಲ್ಲಿ ಕೋಲು, ಕುರಿ ಬಿಡುವುದಕ್ಕೆ ಹೊರಟಿದ್ದಳು.

"ಬುಡ್ಸುಬುಟ್ಟೆ ಕಣಕ್ಕ," ಅಂದಳು. ನಾಚಿಕೆಯೂ ಇಲ್ಲ, ಸಿಟ್ಟೂ ಇಲ್ಲ. "ನಡುವೆ ಬುಡ್ಸಾದ್ಕಿಂತ ಸುರೂನಲ್ಲೇ ಬುಡ್ಸದು ವಾಸಿ. ಐದ್ನೇ ಕ್ಲಾಸ್ಗೆ ಪುಸ್ತ್ಕ ಈಸ್ಕಂಡು, ಆಮೇಕೆ ಬುಡ್ಸುದ್ರೆ ಅವ್ಳೂ ಅಳ್ತಾಳೆ."

"ಕೇಂದ್ರ ತೆಗೆದೇ ಇದೆಯಲ್ಲಮ್ಮ. ಮುಚ್ಚಿಲ್ಲ."

"ಈಗ ಮುಚ್ಚಿಲ್ಲ. ಆಯಮ್ಮನ್ನ ಕೇಳುದ್ರೆ ಸದ್ಯಕ್ಕೆ ಅದೆ ಅಂತಾಳೆ. ನೀವು ನೋಡುದ್ರೆ ಇನ್ನೂ ಬರ್ಕಳಕೆ ಬತ್ತಾ ಇದೀರ." ಅವಳ ಕಣ್ಣು ನನ್ನ ಕೈಯಲ್ಲಿದ್ದ ಫಾರಮ್ಮಿನ ಮೇಲಿತ್ತು. "ನೀವ್ ಕೇಳೋದು ಮುಗಿಯೋಗಂಟ ಮಗು ಬೆಳೀದೆ ನಿಂತ್ಕಂತದಾ?"

ಅವಳ ಲೆಕ್ಕವನ್ನು ಮನಸ್ಸಿನಲ್ಲೇ ಮೂರು ಕಡೆ ಬರೆದು ನೋಡಿದೆ, ಅಭ್ಯಾಸ ಬಿಡಬೇಕಲ್ಲ. ಒಪ್ಪಿಕೊಂಡ ಮಾತು, ಇವತ್ತೋ ನಾಳೆಯೋ ಮುಚ್ಚುವ ಕೇಂದ್ರವನ್ನು ನಂಬಲಾಗದು. ಪುರಾವೆ, ನಾವು ಎರಡನೆಯ ಸಲ ಬಂದು ನಿಂತಿರುವುದು. ತೀರ್ಮಾನ, ಬಾಗಿಲಲ್ಲಿ ಸೊಂಟ ಓರೆ ಮಾಡಿಕೊಂಡು ನಿಂತಿತ್ತು. ಎಲ್ಲೂ ಸಡಿಲ ಇರಲಿಲ್ಲ. ಇದ್ದಿದ್ದರೆ ಹೇಳಿ ಒಪ್ಪಿಸುತ್ತಿದ್ದೆ. ಸಡಿಲವಾಗಿದ್ದವರು ನಾವು.

ಅವಳೇ ಕೇಳಿದಳು. "ನೀವೇ ಯೋಳಿ ಅಕ್ಕ. ಮುಚ್ಚಲ್ಲ ಅಂತೀರಾ?"

ಮುಚ್ಚುವುದಿಲ್ಲ ಎನ್ನಲು ನಾನು ಯಾರು? ಸಮೀಕ್ಷೆ ಅರ್ಧವೂ ಆಗಿಲ್ಲ. ಫಲಿತಾಂಶ ಯಾವ ಕಡೆ ಬರುತ್ತದೋ ತಿಳಿಯದು. ಬಂದ ಮೇಲೆ ಡೆಕ್ಕು, ಡೆಕ್ಕಿನ ಮೇಲೆ ನನ್ನ ಹಾಳೆ, ಹಾಳೆಯ ಮೇಲೆ ಸಭೆ. ಬೇರೆ ಯಾರಾದರೂ ಪುರಾವೆಯಿಲ್ಲದೆ ಮುಚ್ಚಲ್ಲ ಎಂದಿದ್ದರೆ ಕೆಂಪು ಪೆನ್ಸಿಲ್ಲು ಮುರಿಯುವಂತೆ ಸುತ್ತು ಹಾಕುತ್ತಿದ್ದೆ. ಹುಡುಗಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಮುಚ್ಚಲ್ಲ," ಎಂದೆ. "ನಾನು ಹೇಳ್ತಿದೀನಿ. ಕಳ್ಸು ಶಾಲೆಗೆ."

ತಾಯಿ ಕೋಲನ್ನು ಗೋಡೆಗೆ ಒರಗಿಸಿದಳು. ನಂಬಿದಳೋ, ನನ್ನ ಮುಖ ನೋಡಿ ಅಯ್ಯೋ ಪಾಪ ಅನ್ನಿಸಿತೋ, ಗೊತ್ತಿಲ್ಲ. "ಓಗು ಮತ್ತೆ, ಲಂಗ ಬದ್ಲಾಯ್ಸು," ಎಂದಳು ಮಗಳಿಗೆ.

ಹುಡುಗಿ ಕೂಸನ್ನು ನನ್ನ ಕೈಗೆ ಕೊಟ್ಟು ಒಳಗೆ ಓಡಿದಳು. ಕೂಸು ಅಳಲು ಬಾಯಿ ತೆರೆದು, ಅತ್ತಿತ್ತ ನೋಡಿ, ನನ್ನ ಎಡಸೊಂಟದ ಮೇಲೆ ಸರಿಯಾಗಿ ಕೂತುಕೊಂಡಿತು. ಭಾರವಿತ್ತು. ಫಾರಮ್ಮನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೇಂದ್ರದ ಕಡೆ ನಡೆದೆ. ನಿನ್ನೆ ಮಗು ಯಾರ ಹತ್ತಿರ ಇತ್ತು ಎಂಬ ಕಡೆ ಅಕ್ಕ ಎಂದು ಆಮೇಲೆ ಬರೆಯಬೇಕು, ವಯಸ್ಸು ಒಂಬತ್ತು ಎಂದೂ ಬರೆಯಬೇಕು. ಮುಚ್ಚಲ್ಲ ಎಂದು ನಾನು ಹೇಳಿದ್ದಕ್ಕೆ ನನ್ನ ಹತ್ತಿರ ಯಾವ ಪುರಾವೆಯೂ ಇರಲಿಲ್ಲ.